ಎರಡು ಭಾಷೆ, ಒಂದೇ ನಂಬರು: ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗ

ಪ್ರಶ್ನೆ (ಗದಗ): 9ನೇ ತರಗತಿ ವಿಜ್ಞಾನ, 40 ಅಂಕದ ಪೇಪರ್. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಹಾಳೆಯಾಗ ಬರಬೇಕ್ರಿ. ವರ್ಡ್‌ನಾಗ ಎರಡು ಕಾಲಂ ಮಾಡೀನಿ, ಆದ್ರ ಐದನೇ ಪ್ರಶ್ನೆಯಿಂದ ಕನ್ನಡ ಕೆಳಗ ಜಾರ್ತದ. ಅಂಕದ ಟೋಟಲ್‌ನೂ ತಪ್ಪತದ. ಏನ್ ಮಾಡ್ಲಿ?

ಉತ್ತರ:

ಸರ್, ಕಾಲಂ ತೆಗೆದು ಟೇಬಲ್ ಹಾಕ್ರಿ. ಕಾಲಂನಲ್ಲಿ ಎಡಗಡೆಯ ಐದನೇ ಪ್ರಶ್ನೆಗೂ ಬಲಗಡೆಯ ಐದನೇ ಪ್ರಶ್ನೆಗೂ ನಂಟೇ ಇರೋದಿಲ್ಲ. ಕನ್ನಡ ಒಂದು ಸಾಲು ಹೆಚ್ಚು ಹಿಡಿದರೆ ಅಲ್ಲಿಂದ ಮುಂದಿನದೆಲ್ಲ ಜಾರುತ್ತದೆ. ಟೇಬಲ್‌ನಲ್ಲಿ ಒಂದು ಪ್ರಶ್ನೆಗೆ ಒಂದು ಅಡ್ಡಸಾಲು, ನಾಲ್ಕು ಮನೆ: ನಂಬರ್, ಕನ್ನಡ, ಇಂಗ್ಲಿಷ್, ಅಂಕ. ಯಾವ ಭಾಷೆ ಉದ್ದವಾದರೂ ಎರಡೂ ಒಟ್ಟಿಗೇ ಇರುತ್ತವೆ.

ಆಟೋ ನಂಬರ್ ಮೊದಲನೇ ಮನೆಗೆ ಮಾತ್ರ ಕೊಡ್ರಿ. ಎರಡೂ ಭಾಷೆಗೆ ಕೊಟ್ಟರೆ ವರ್ಡ್ ಕನ್ನಡಕ್ಕೆ 1, ಇಂಗ್ಲಿಷಿಗೆ 2, ಮುಂದಿನ ಕನ್ನಡಕ್ಕೆ 3 ಅಂತ ಎಣಿಸಿಕೊಂಡು ಹೋಗುತ್ತದೆ. Table Properties ಒಳಗೆ Row ಗೆ ಹೋಗಿ "Allow row to break across pages" ಟಿಕ್ ತೆಗೀರಿ. ಇಲ್ಲದಿದ್ದರೆ ಅರ್ಧ ಪ್ರಶ್ನೆ ಹಿಂದಿನ ಪುಟದಲ್ಲೇ ಉಳಿಯುತ್ತದೆ. ಗೆರೆಗಳನ್ನು ಕೊನೆಗೆ ಅಳಿಸಿದರೆ ಸಾಕು. ಜಾಗ ಉಳಿಸಲು Line spacing ಅನ್ನು "Exactly" ಮಾಡಬ್ಯಾಡ್ರಿ, ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. "ರಾಷ್ಟ್ರ" ಅನ್ನುವ ಪದ ಹೇಗೆ ಪ್ರಿಂಟ್ ಆಗಿದೆ ನೋಡಿದರೆ ಗೊತ್ತಾಗುತ್ತದೆ. "Single" ಇರಲಿ.

ಇದೇ ಪ್ರಶ್ನೆಗೆ ಇನ್ನೊಬ್ಬರು "ನುಡಿ ಬಿಟ್ಟು ಯೂನಿಕೋಡ್‌ಗೆ ಬರ್ರಿ, ಎಲ್ಲಾ ಸರಿ ಆಗ್ತದ" ಅಂದಿದ್ದಾರೆ. ಅರ್ಧ ಸರಿ. ಜಾರುವುದು ಅದರಿಂದ ನಿಲ್ಲೋದಿಲ್ಲ. ಆದರೆ ಹಳೆಯ ನುಡಿ ಫಾಂಟ್‌ನ ಫೈಲಿನಲ್ಲಿ ಪೂರ್ತಿ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿದರೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗುತ್ತದೆ. ಎರಡು ಭಾಷೆ ಕೂಡಿದ ಪೇಪರ್‌ಗೆ ಯೂನಿಕೋಡ್ ಬೇಕಾದದ್ದು ಅದಕ್ಕೆ. ಪ್ರೆಸ್‌ಗೆ ಹೇಗಿದ್ದರೂ ಪಿಡಿಎಫ್ಫೇ ಕೊಡ್ರಿ.

ಇನ್ನು ಅಂಕ. ನಿಮ್ಮ 40ನ್ನು ಹೀಗೆ ಹಂಚಿದ್ದೀರಿ ಅಂದುಕೊಳ್ಳೋಣ: 8×1, 8×1, 6×2, 4×3. ಅಂದರೆ ನಂಬರ್ 1ರಿಂದ 26. ಅಂಕದ ಮನೆಗಳಲ್ಲಿ ಬರೀ ಅಂಕಿ ಹಾಕಿ, ಕೊನೆಯ ಮನೆಯಲ್ಲಿ Layout ಒಳಗಿನ Formula ಒತ್ತಿ ಇದನ್ನು ಕೊಡ್ರಿ:

```
=SUM(ABOVE)
```

ನಡುವೆ ಒಂದು ಮನೆ ಖಾಲಿ ಇದ್ದರೂ ವರ್ಡ್ ಅಲ್ಲಿಗೇ ಕೂಡುವುದನ್ನು ನಿಲ್ಲಿಸುತ್ತದೆ. ವಿಭಾಗದ ಶೀರ್ಷಿಕೆ ಇರುವ ಸಾಲಿನಲ್ಲಿ 0 ಹಾಕಿ ಬಿಳಿ ಬಣ್ಣ ಕೊಡ್ರಿ. ಅಂಕ ತಿದ್ದಿದ ಮೇಲೆ ಟೋಟಲ್ ತಾನಾಗಿ ಬದಲಾಗೋದಿಲ್ಲ, ಅದರ ಮೇಲೆ ನಿಂತು F9 ಒತ್ತಬೇಕು. 43 ಬಂತೋ, "ಅಥವಾ" ಪ್ರಶ್ನೆಯನ್ನು ಬೇರೆ ಸಾಲಿಗೆ ಹಾಕಿ ಅದಕ್ಕೂ 3 ಕೊಟ್ಟಿರುತ್ತೀರಿ. ಆಗ ನಂಬರ್ ಸಹ 27 ತೋರಿಸುತ್ತದೆ. "ಅಥವಾ" ಅದೇ ಸಾಲಿನ ಒಳಗೇ ಇರಲಿ.

ಬಹು ಆಯ್ಕೆ ಪ್ರಶ್ನೆಗಳ ಬಗ್ಗೆ ಒಂದು ಮಾತು. ಆಯ್ಕೆಗಳಿಗೆ ಎರಡೂ ಕಡೆ A, B, C, D ಅಂತಲೇ ಹಾಕ್ರಿ, ಕ್ರಮವೂ ಅದೇ ಇರಲಿ. ಒಂದು ಕಡೆ ಅ, ಆ, ಇ, ಈ ಆದರೆ ಉತ್ತರಸೂಚಿ ಎರಡು ಬೇಕಾಗುತ್ತದೆ.

ನಂಬರ್ ಹೊಂದಿದರೂ ಪ್ರಶ್ನೆ ಹೊಂದದೆ ಇರಬಹುದು, ಅದು ಕಣ್ಣಿಗೆ ಬೀಳೋದಿಲ್ಲ. ಬಸ್ಸೊಂದು ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿ.ಮೀ. ಹೋಗಿ, ಅದೇ ದಾರಿಯಲ್ಲಿ ಮರಳಲು ಒಟ್ಟು 1 ಗಂಟೆ ತೆಗೆದುಕೊಂಡಿತು. ಇಂಗ್ಲಿಷ್‌ನಲ್ಲಿ ಆವರೇಜ್ ಸ್ಪೀಡ್ ಕೇಳಿದ್ದೀರಿ, ಉತ್ತರ ಗಂಟೆಗೆ 40 ಕಿ.ಮೀ. ಕನ್ನಡದಲ್ಲಿ ಮಾತಿನ ರೂಢಿಯಂತೆ "ಸರಾಸರಿ ವೇಗ" ಅಂತ ಬರೆದರೆ ಉತ್ತರ ಸೊನ್ನೆ! ಬಸ್ಸು ಹೊರಟಲ್ಲಿಗೇ ಬಂತಲ್ಲ. ನಮ್ಮ ಪಠ್ಯದಲ್ಲಿ ಸ್ಪೀಡ್‌ಗೆ ಜವ, ವೆಲಾಸಿಟಿಗೆ ವೇಗ. ಪಾಠ ಸರಿಯಾಗಿ ಓದಿದ ಕನ್ನಡ ಮಾಧ್ಯಮದ ಹುಡುಗಿಯೇ ಅಂಕ ಕಳಕೊಳ್ಳುತ್ತಾಳೆ. ದ್ರವ್ಯರಾಶಿ ಮತ್ತು ತೂಕದ್ದೂ ಇದೇ ಹಣೆಬರಹ. ಪದಗಳನ್ನು ನಿಘಂಟಿನಿಂದ ತೆಗೀಬ್ಯಾಡ್ರಿ, ಅದೇ ಪಾಠದ ಕನ್ನಡ ಪುಸ್ತಕದಿಂದ ತೆಗೀರಿ.

"ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಅಂತ ಕೆಳಗೆ ಬರೆದುಬಿಡ್ರಿ" ಅಂದಿರುವ ಹಿರಿಯರಿಗೆ: ಇಂಗ್ಲಿಷ್ ಓದದ ಮಗುವಿಗೆ ಆ ಸಾಲಿನಿಂದ ಏನೂ ಸಿಗೋದಿಲ್ಲ. 2024ರ ಆಗಸ್ಟ್‌ನ ಕೆಎಎಸ್ ಪೂರ್ವಭಾವಿ ಪರೀಕ್ಷೆ ಕನ್ನಡ ಅನುವಾದದ ತಪ್ಪುಗಳಿಂದಾಗಿಯೇ ಡಿಸೆಂಬರ್‌ನಲ್ಲಿ ಮತ್ತೆ ನಡೆಯಬೇಕಾಯಿತು. ಅದಕ್ಕಿಂತ ಇಂಗ್ಲಿಷ್ ಮನೆಯನ್ನು ಹಾಳೆಯಿಂದ ಮುಚ್ಚಿ, ಪೇಪರ್ ನೋಡಿರದ ಇನ್ನೊಬ್ಬ ಶಿಕ್ಷಕರಿಂದ ಬರೀ ಕನ್ನಡ ಓದಿಸಿ 26ಕ್ಕೂ ಉತ್ತರ ಬರೆಸಿರಿ. ಸೂಚಿಗೆ ಹೊಂದದ ಕಡೆ ತಪ್ಪು ಇರುತ್ತದೆ.

ಗಣಿತಕ್ಕೂ ಇದೇ ಟೇಬಲ್ ನಡೀತದೇನು ಅಂತ ಕೇಳಿದವರಿಗೆ: ಪಕ್ಕಪಕ್ಕದ ಮನೆ ಕಿರಿದಾಗಿ ಉದ್ದನೆಯ ಸಮೀಕರಣ ಮುರಿಯುತ್ತದೆ. ಅದಕ್ಕೆ ಎರಡೂ ಭಾಷೆ ಒಂದೇ ಮನೆಯಲ್ಲಿ, ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ ಹಾಕುವುದು ನನಗೆ ಸರಿ ಅನ್ನಿಸುತ್ತದೆ. ಪುಟ ಹೆಚ್ಚಾಗುತ್ತವೆ ಅನ್ನುವ ತಕರಾರು ಇದ್ದೇ ಇದೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.