ಬಾಯಲ್ಲಿ ಹೇಳಿ ಟೈಪ್ ಮಾಡಿಸಿದ ಭಾಷಣವನ್ನು ಪ್ಯಾರಾಗಳಾಗಿ ಜೋಡಿಸುವುದು ಹೇಗೆ?

ಪ್ರಶ್ನೆ: ಏಕೀಕರಣ, ರಾಜ್ಯದ ಹೆಸರು ಬದಲಾವಣೆ, ಕನ್ನಡ ಶಾಲೆಗಳ ಬಗ್ಗೆ ರಾಜ್ಯೋತ್ಸವದ ಭಾಷಣವನ್ನು ಫೋನಿಗೆ ಹೇಳಿ ಟೈಪ್ ಮಾಡಿಸಿದೆ. ಎಲ್ಲಾ ಒಂದೇ ಮುದ್ದೆಯಾಗಿದೆ, ಪೂರ್ಣವಿರಾಮವೂ ಇಲ್ಲ. ಆರಂಭ, ಮೂರು ಅಂಶ, ಮುಕ್ತಾಯ ಅಂತ ಹೇಗೆ ಬಿಡಿಸಲಿ?

ಉತ್ತರ: ಮೂಲದ ಒಂದು ಪ್ರತಿ ಎತ್ತಿಟ್ಟು, ಮೊದಲು ವಾಕ್ಯಗಳನ್ನು ಬಿಡಿಸಿ. ‘ಆಯಿತು’, ‘ಇದೆ’, ‘ಬೇಕು’ ಎಂಬಂಥ ಪೂರ್ಣ ಕ್ರಿಯಾಪದ ಬಂದಲ್ಲಿ ಚುಕ್ಕಿ ಇಟ್ಟು ಹೊಸ ಸಾಲಿಗೆ ಹೋಗಿ. ‘ಹೋರಾಡಿ’, ‘ಸೇರಿ’ ಬಂದರೆ ಸಾಮಾನ್ಯವಾಗಿ ವಾಕ್ಯ ಇನ್ನೂ ಮುಗಿದಿರುವುದಿಲ್ಲ. ‘ಆಯಿತು ಅಂತ’ ಎಂದಿದ್ದರೂ ಅಲ್ಲಿ ಕತ್ತರಿಸಬೇಡಿ.

ಈಗ ಯಾವುದನ್ನೂ ತಿದ್ದದೆ, ಪ್ರತಿ ಸಾಲಿನ ಮುಂದೆ ಗುರುತು ಹಾಕಿ: 1956ರ ಏಕೀಕರಣಕ್ಕೆ 1, 1973ರ ಹೆಸರು ಬದಲಾವಣೆಗೆ 2, ಇಂದಿನ ಕನ್ನಡ ಶಾಲೆಗಳಿಗೆ 3, ವಂದನೆಗೆ ‘ಆ’, ಕೊನೆಯ ಕರೆಗೆ ‘ಮು’. ಯಾವುದಕ್ಕೂ ಸೇರದ ಸಾಲನ್ನು ಬಿಟ್ಟುಬಿಡಿ. ಬೇಡದ ನಾಲ್ಕನೇ ಅಂಶ ಹುಟ್ಟುವುದೇ ಇಂಥವುಗಳಿಂದ. ಒಂದೇ ಗುರುತಿನವನ್ನು ಒಟ್ಟು ಮಾಡಿ. ಎರಡು ಸಲ ಹೇಳಿದ್ದರೆ ಹೆಚ್ಚು ವಿವರವಿರುವುದನ್ನು ಉಳಿಸಿಕೊಳ್ಳಿ.

ಎಡವಟ್ಟಾಗುವುದು ಜೋಡಿಸಿದ ಮೇಲೆ. ‘ಆಗ ಅವರು ಹೆಸರು ಬದಲಿಸಿದರು’ ಎಂಬ ಸಾಲು ಆಲೂರು ವೆಂಕಟರಾಯರ ಮಾತಿನ ಪಕ್ಕಕ್ಕೆ ಬಂದರೆ, ಬದಲಿಸಿದವರು ಅವರೇ ಎಂದಾಗುತ್ತದೆ! ‘1973ರಲ್ಲಿ ದೇವರಾಜ ಅರಸು ಸರ್ಕಾರ’ ಎಂದೇ ಬರೆಯಿರಿ. ‘ಆಗ’, ‘ಅವರು’, ‘ಇದರಿಂದ’ ಇರುವ ಸಾಲುಗಳನ್ನೆಲ್ಲ ಹೀಗೆ ನೋಡಿ. ಇಸವಿ, ಹೆಸರುಗಳನ್ನೂ ಪರಿಶೀಲಿಸಿ, ಫೋನು ತಪ್ಪಾಗಿ ಕೇಳಿಸಿಕೊಂಡಿರಬಹುದು.

ಆರಂಭಕ್ಕೆ ವಂದನೆಯ ಜೊತೆ ಮೂರೂ ಅಂಶ ಹೆಸರಿಸುವ ಒಂದು ವಾಕ್ಯ ಸಾಕು. ಅದನ್ನು ಉಳಿದದ್ದೆಲ್ಲ ಸಿದ್ಧವಾದ ಮೇಲೆ ಬರೆಯಿರಿ. ಮುಕ್ತಾಯದಲ್ಲಿ ಹೊಸ ಇಸವಿ ಕಂಡರೆ ಅದು 1 ಅಥವಾ 2ಕ್ಕೆ ಸೇರಿದ್ದು.