λ ಅನ್ನು ನೇರವಾಗಿ 0.05ಕ್ಕೆ ಹೋಲಿಸಬೇಡಿ

"ಸರ್, ನಾರ್ಮಲ್ ಸರಾಸರಿಗೆ ಲೈಕ್ಲಿಹುಡ್ ರೇಶಿಯೊ ಟೆಸ್ಟ್ ಬಗ್ಗೆ ಒಂದು ಲೇಖನ ಕಳಿಸಿದ್ದೇನೆ. ಒಂದೇ ಅಳತೆಗಳಿಗೆ ಈ ಟೆಸ್ಟ್ ಒಂದು ಉತ್ತರ, ಮಾಮೂಲಿ z ಟೆಸ್ಟ್ ಇನ್ನೊಂದು ಉತ್ತರ ಕೊಡುತ್ತದೆ ಎಂದು ಉದಾಹರಣೆ ಸಮೇತ ತೋರಿಸಿದ್ದೇನೆ. ಪ್ರಕಟಿಸಲು ಆಗುತ್ತದಾ? ಎಲ್ಲಿ ತಿದ್ದಬೇಕು ಅಂತ ಮುಚ್ಚುಮರೆ ಇಲ್ಲದೆ ಹೇಳಿ."

ನಮಸ್ಕಾರ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಭಾಷೆ ತಿಳಿಯಾಗಿದೆ, ಲೆಕ್ಕದಲ್ಲೂ ತಪ್ಪಿಲ್ಲ. ಆದರೆ ಲೇಖನ ನಿಂತಿರುವ ವಾದವೇ ತಪ್ಪು. ನೀವು ಹೇಳುವ ಎರಡು ಟೆಸ್ಟ್‌ಗಳು ನಿಜಕ್ಕೂ ಒಂದೇ ಟೆಸ್ಟ್. ಅವು ಬೇರೆ ಬೇರೆ ಉತ್ತರ ಕೊಡಲು ಸಾಧ್ಯವೇ ಇಲ್ಲ.

ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸರಳಿನ ಉದ್ದದ ನಿಜವಾದ ಸರಾಸರಿ μ 50 ಮಿ.ಮೀ. ಎಂಬುದು ಪರೀಕ್ಷಿಸಬೇಕಾದ ಊಹೆ H₀. ಈ 50 ಅನ್ನೇ μ₀ ಎನ್ನೋಣ. ಉದ್ದಗಳ ಪ್ರಮಾಣಿತ ವಿಚಲನೆ σ = 0.6 ಎಂದು ಮೊದಲೇ ಗೊತ್ತು. 9 ಸರಳುಗಳನ್ನು ಅಳೆದಾಗ ಸರಾಸರಿ x̄ = 50.44 ಬಂತು. ಲೈಕ್ಲಿಹುಡ್ ರೇಶಿಯೊ λ = 0.089 ಎಂದು ಸರಿಯಾಗಿಯೇ ಕಂಡುಹಿಡಿದಿದ್ದೀರಿ. ಅದು 0.05ಕ್ಕಿಂತ ದೊಡ್ಡದು, ಹಾಗಾಗಿ H₀ ತಿರಸ್ಕರಿಸುವಂತಿಲ್ಲ ಎಂದಿದ್ದೀರಿ. ಮುಂದಿನ ಪ್ಯಾರಾದಲ್ಲಿ z = 2.2, ಅದು 1.96ಕ್ಕಿಂತ ದೊಡ್ಡದು, ಹಾಗಾಗಿ ತಿರಸ್ಕರಿಸಬೇಕು ಎಂದಿದ್ದೀರಿ. ಆ 0.05 ಎಲ್ಲಿಂದ ಬಂತು? ಲೇಖನ ಎಡವಿದ್ದು ಅಲ್ಲೇ.

λ ಹೇಗೆ ಹುಟ್ಟುತ್ತದೆ ಎಂಬುದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಓದುಗರಿಗೆ ಬೇಕಾಗಿರುವುದೇ ಆ ಭಾಗ. ಭಾಗಾಕಾರದ ಮೇಲ್ಗಡೆ μ = 50 ಎಂದಿಟ್ಟಾಗ ಸಿಗುವ ಲೈಕ್ಲಿಹುಡ್, ಅಂದರೆ ಆ μಗೆ ನಮ್ಮ ಅಳತೆಗಳು ಎಷ್ಟು ಹೊಂದುತ್ತವೆ ಎಂಬುದನ್ನು ಹೇಳುವ ಬೆಲೆ. ಕೆಳಗಡೆ μಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಾಗ ಸಿಗುವ ಅತಿ ದೊಡ್ಡ ಲೈಕ್ಲಿಹುಡ್. ನಾರ್ಮಲ್‌ನಲ್ಲಿ ಅದು μ = x̄ ಇದ್ದಾಗ ಸಿಗುತ್ತದೆ. ಆದ್ದರಿಂದ λ ಯಾವಾಗಲೂ 1ನ್ನು ದಾಟುವುದಿಲ್ಲ. ಅದು ಸಣ್ಣದಾದಷ್ಟೂ μ₀ ನಮ್ಮ ಅಳತೆಗಳಿಗೆ ಹೊಂದುತ್ತಿಲ್ಲ ಎಂದರ್ಥ.

ಇನ್ನು ನೀವು ಹಾರಿಸಿದ ಹೆಜ್ಜೆ. ಘಾತದಲ್ಲಿರುವ ವರ್ಗಗಳ ಮೊತ್ತವನ್ನು ಹೀಗೆ ಒಡೆಯಬಹುದು:

Σ(xᵢ − μ₀)² = Σ(xᵢ − x̄)² + n(x̄ − μ₀)²

ಬಲಗಡೆಯ ಮೊದಲ ತುಂಡಿನಲ್ಲಿ μ₀ ಇಲ್ಲವೇ ಇಲ್ಲ. ಅದು λದ ಮೇಲೂ ಇದೆ, ಕೆಳಗೂ ಇದೆ, ಹಾಗಾಗಿ ಹೊಡೆದುಹೋಗುತ್ತದೆ. ಉಳಿಯುವುದು ಇಷ್ಟೇ:

λ = exp(−n(x̄ − μ₀)² / 2σ²) = exp(−z²/2)

ಇಲ್ಲಿ z = (x̄ − μ₀)/(σ/√n). ಒಂಬತ್ತು ಅಳತೆಗಳು ಒಂದೊಂದಾಗಿ ಏನಿದ್ದವು ಎಂಬುದು λಗೆ ಬೇಕಿಲ್ಲ. ಅವುಗಳ ಸರಾಸರಿ 50ರಿಂದ ಎಷ್ಟು ದೂರ ಎಂಬುದೊಂದೇ ಸಾಕು. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಇದಕ್ಕೆ ಒಂದಿಡೀ ಪ್ಯಾರಾ ಕೊಡಿ.

ಸೂತ್ರದಲ್ಲಿ z ವರ್ಗವಾಗಿ ಬಂದಿರುವುದನ್ನೂ ಗಮನಿಸಿ. x̄ ಮೇಲಕ್ಕೆ ಸರಿದರೂ ಕೆಳಕ್ಕೆ ಸರಿದರೂ λ ಒಂದೇ ರೀತಿ ಕುಗ್ಗುತ್ತದೆ. ದೂರ ಹೆಚ್ಚಿದಂತೆ λ ಇಳಿಯುತ್ತಲೇ ಹೋಗುತ್ತದೆ, ಎಲ್ಲೂ ಮತ್ತೆ ಏರುವುದಿಲ್ಲ. ಹಾಗಾಗಿ "λ ≤ k ಆದರೆ ತಿರಸ್ಕರಿಸು" ಅನ್ನುವುದೂ "|z| ≥ c ಆದರೆ ತಿರಸ್ಕರಿಸು" ಅನ್ನುವುದೂ ಒಂದೇ ಮಾತು. ಇವೆರಡರ ನಡುವಿನ ನಂಟು c = √(−2 ln k). ಪಠ್ಯಪುಸ್ತಕದ ಎರಡು ಬಾಲಗಳ ತಿರಸ್ಕಾರ ವಲಯ ಬರುವುದು ಇಲ್ಲಿಂದಲೇ. ಅದನ್ನು ಯಾರೂ ಸುಮ್ನೆ ಊಹಿಸಿ ಇಟ್ಟದ್ದಲ್ಲ.

ಈಗ k ಎಷ್ಟು? ಅದನ್ನು ನಮಗೆ ಬೇಕಾದ ಹಾಗೆ ಆರಿಸಲು ಬರುವುದಿಲ್ಲ. H₀ ನಿಜವಾಗಿದ್ದಾಗ ತಪ್ಪಾಗಿ ತಿರಸ್ಕರಿಸುವ ಸಂಭವ 0.05 ಆಗುವಂತೆ ಅದನ್ನು ಹೊಂದಿಸಬೇಕು. H₀ ನಿಜವಾದರೆ z ಸ್ಟ್ಯಾಂಡರ್ಡ್ ನಾರ್ಮಲ್, ಆದ್ದರಿಂದ c = 1.96. ಅದನ್ನು ಹಿಂದಕ್ಕೆ ಹಾಕಿದರೆ k = exp(−1.96²/2), ಅಂದರೆ ಸುಮಾರು 0.1465. ನಿಮ್ಮ 0.089 ಇದಕ್ಕಿಂತ ಸಣ್ಣದು, ಹಾಗಾಗಿ ತಿರಸ್ಕಾರ. ಮಿಲಿಮೀಟರಿನಲ್ಲಿ ಹೇಳುವುದಾದರೆ σ/√n = 0.2. ಸರಾಸರಿ 49.608ರಿಂದ 50.392ರ ಆಚೆ ಹೋದರೆ ತಿರಸ್ಕಾರ. 50.44 ಆಚೆಯೇ ಇದೆ. z ಹೇಳಿದ್ದೂ ಇದನ್ನೇ ಅಲ್ವಾ?

ನೀವು 0.05 ಅನ್ನೇ k ಆಗಿ ಇಟ್ಟಿರಿ. ಆಗ c = 2.448 ಆಗುತ್ತದೆ. ತಪ್ಪಾಗಿ ತಿರಸ್ಕರಿಸುವ ಸಂಭವ ಶೇ. 5ರಿಂದ ಸುಮಾರು ಶೇ. 1.4ಕ್ಕೆ ಇಳಿಯುತ್ತದೆ. ನಿಮಗೇ ಗೊತ್ತಿಲ್ಲದೆ ಶೇ. 1.4ರ ಟೆಸ್ಟನ್ನು ಶೇ. 5ರ ಟೆಸ್ಟಿನ ಜೊತೆ ಹೋಲಿಸಿದ್ದೀರಿ. ಉತ್ತರ ಬೇರೆಯಾಗಿದ್ದು ಅದಕ್ಕೇ. λ ಎರಡು ಲೈಕ್ಲಿಹುಡ್‌ಗಳ ಅನುಪಾತ. ಅದು p ಮೌಲ್ಯವೂ ಅಲ್ಲ, H₀ ನಿಜವಾಗಿರುವ ಸಂಭವವೂ ಅಲ್ಲ. z = 2.2ಕ್ಕೆ p ಮೌಲ್ಯ ಸುಮಾರು 0.028. ಅದನ್ನು ಬೇಕಾದರೆ 0.05ಕ್ಕೆ ಹೋಲಿಸಿ.

ಕೊನೆಯ ಪುಟದಲ್ಲಿ "σ ಗೊತ್ತಿಲ್ಲದಿದ್ದರೆ ಅದರ ಜಾಗದಲ್ಲಿ s ಹಾಕಿ, ಉಳಿದದ್ದು ಹಾಗೆಯೇ" ಎಂದಿದ್ದೀರಿ. ಇದನ್ನು ಹೊಡೆದುಹಾಕಿ. σ ಗೊತ್ತಿಲ್ಲದಾಗ ಮೇಲೆ ಒಮ್ಮೆ, ಕೆಳಗೆ ಒಮ್ಮೆ σಗೂ ಲೈಕ್ಲಿಹುಡ್ ಅತಿ ದೊಡ್ಡದಾಗುವ ಬೆಲೆ ಹುಡುಕಬೇಕು. ಎರಡು ಕಡೆಯೂ ಬೇರೆ ಬೇರೆ ಬೆಲೆ ಬರುತ್ತದೆ. ಹಾಗೆ ಮಾಡಿದರೆ

λ = (1 + t²/(n−1))^(−n/2)

ಎಂದು ಸಿಗುತ್ತದೆ. ಇಲ್ಲಿ t = (x̄ − μ₀)/(s/√n), s ಅಂದರೆ ಅಳತೆಗಳಿಂದಲೇ ಲೆಕ್ಕ ಹಾಕಿದ ಪ್ರಮಾಣಿತ ವಿಚಲನೆ. ಇದು ಕೂಡ |t| ಹೆಚ್ಚಿದಂತೆ ಕುಗ್ಗುತ್ತದೆ, ಹಾಗಾಗಿ ಟೆಸ್ಟ್ ಮತ್ತೆ ಎರಡು ಬಾಲಗಳದ್ದೇ. ಆದರೆ ಗಡಿಯನ್ನು t ಕೋಷ್ಟಕದಿಂದ ತೆಗೆಯಬೇಕು. 8 ಡಿಗ್ರೀಸ್ ಆಫ್ ಫ್ರೀಡಂಗೆ ಅದು 2.306. ನಿಮ್ಮ 0.6 ಅದೇ ಒಂಬತ್ತು ಅಳತೆಗಳಿಂದ ಬಂದ s ಆಗಿದ್ದರೆ t = 2.2, ಆಗ H₀ ತಿರಸ್ಕರಿಸಲು ಆಗುವುದಿಲ್ಲ. ಉತ್ತರ ನಿಜವಾಗಿ ಬದಲಾಗುವುದು ಇಲ್ಲಿ. ನಿಮ್ಮ ಲೇಖನಕ್ಕೆ ಬೇಕಾಗಿದ್ದ ಅಚ್ಚರಿಯೂ ಇಲ್ಲೇ ಇದೆ, ನೀವು ಅದನ್ನು ಬೇರೆ ಕಡೆ ಹುಡುಕಿದ್ದೀರಿ. n ದೊಡ್ಡದಾದಂತೆ t ಗಡಿ 1.96ರ ಹತ್ತಿರ ಬರುತ್ತದೆ. ಆದರೆ 9 ಅಳತೆಗಳಿಗೆ 1.96 ಬಳಸಿದರೆ ತಪ್ಪಾಗಿ ತಿರಸ್ಕರಿಸುವ ಸಂಭವ ಶೇ. 8ನ್ನೂ ದಾಟುತ್ತದೆ.

ಇನ್ನೊಂದು ವಾಕ್ಯ. ನೇಮನ್–ಪಿಯರ್ಸನ್ ಲೆಮ್ಮಾ ಪ್ರಕಾರ ಈ ಟೆಸ್ಟೇ ಎಲ್ಲಕ್ಕಿಂತ ಬಲವಾದದ್ದು ಎಂದು ಬರೆದಿದ್ದೀರಿ. 1933ರ ಆ ಲೆಮ್ಮಾ H₀ದಲ್ಲೂ ಅದರ ಎದುರಿನ ಊಹೆಯಲ್ಲೂ ಒಂದೊಂದೇ ನಿಗದಿತ μ ಇರುವಾಗಿನ ಮಾತು. "μ ಐವತ್ತಲ್ಲ" ಎಂಬ ಎರಡು ದಿಕ್ಕಿನ ಊಹೆಗೆ ಎಲ್ಲ μಗಳಿಗೂ ಎಲ್ಲಕ್ಕಿಂತ ಬಲವಾದ ಒಂದೇ ಟೆಸ್ಟ್ ಇಲ್ಲ. ನಿಜವಾದ μ ಐವತ್ತಕ್ಕಿಂತ ಜಾಸ್ತಿ ಇದ್ದರೆ, z ≥ 1.645 ಎಂಬ ಒಂದು ಬಾಲದ ಟೆಸ್ಟ್ ಅದನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ. μ ಕಡಿಮೆ ಇದ್ದರೆ ಅದೇ ಟೆಸ್ಟ್ ಬಹುತೇಕ ಏನನ್ನೂ ಹಿಡಿಯುವುದಿಲ್ಲ. ಎರಡೂ ದಿಕ್ಕನ್ನು ಸಮನಾಗಿ ಕಾಯಬೇಕು ಎಂದಾಗ ಎರಡು ಬಾಲಗಳ ಟೆಸ್ಟ್ ಸರಿ. ಅಷ್ಟನ್ನೇ ಹೇಳಿ.

ತಿದ್ದುವಾಗ "ಎರಡು ಟೆಸ್ಟ್, ಎರಡು ಉತ್ತರ" ಎಂಬ ಶೀರ್ಷಿಕೆ ತೆಗೆಯಿರಿ. ವರ್ಗಗಳ ಮೊತ್ತ ಒಡೆಯುವ ಸಾಲನ್ನು ಮೊದಲ ಪುಟಕ್ಕೆ ತನ್ನಿ. ಅದೇ 50.44 ಅನ್ನು ಒಮ್ಮೆ σ ಗೊತ್ತಿದ್ದಾಗ, ಒಮ್ಮೆ ಗೊತ್ತಿಲ್ಲದಾಗ ಲೆಕ್ಕ ಹಾಕಿ ತೋರಿಸಿ. ಆ ಪ್ರತಿ ಕಳಿಸಿದರೆ ಮತ್ತೆ ಪೂರ್ತಿ ಓದುತ್ತೇನೆ.