ಹೊತ್ತಿಗೆ ಬಡ್ಡಿ ಹುಟ್ಟುತ್ತದೆಯೇ?

ಪ್ರಶ್ನೆ: ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಏನು ಹೇಳಿದರೂ ‘ಟೈಮ್ ವೇಸ್ಟ್’ ಅನ್ನುತ್ತಾನೆ. ನಮ್ಮಜ್ಜಿ ಬಾಯಲ್ಲಿ ಸಮಯ ಉಳಿಸೋದು, ಖರ್ಚು ಮಾಡೋದು ಅಂತ ಕೇಳಿದ ನೆನಪೇ ಇಲ್ಲ. ಸಮಯವನ್ನು ದುಡ್ಡಿನ ಹಾಗೆ ಮಾತಾಡೋದು ಇಂಗ್ಲಿಷಿನಿಂದ ಬಂತಾ? ಹಾಗೆ ಮಾತಾಡಿದರೆ ಯೋಚನೆಯೂ ಬದಲಾಗುತ್ತಾ?

ಉತ್ತರ: ಬಹುಪಾಲು ಹೌದು, ಆದರೆ ಪೂರ್ತಿ ಅಲ್ಲ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡೋಣ. ಇದಕ್ಕೆ ನಿಮ್ಮ ಕಿವಿಯೇ ಸಾಕು.

ಕನ್ನಡದಲ್ಲಿ ಸಮಯ ಅನ್ನೋದಕ್ಕೆ ಒಂದೇ ಪದ ಇಲ್ಲ. ಹೊತ್ತು, ಕಾಲ, ವೇಳೆ, ಸಮಯ ಇವೆ. ಈಗ ಟೈಮ್ ಕೂಡ ಸೇರಿಕೊಂಡಿದೆ. ಒಂದೊಂದನ್ನೂ ದುಡ್ಡಿನ ಮಾತಿನ ಜೊತೆ ಕೂರಿಸಿ ನೋಡಿ. ‘ಟೈಮ್ ಸೇವ್ ಆಯ್ತು’ ಸರಿ ಕೇಳುತ್ತದೆ. ‘ಸಮಯದ ಉಳಿತಾಯ’ ಕೂಡ ಸರಿ. ‘ಹೊತ್ತಿನ ಉಳಿತಾಯ’ ಅಂದರೆ ನಗು ಬರುತ್ತದೆ, ಅಲ್ವಾ? ‘ನನ್ನ ಎರಡು ಗಂಟೆ ಟೈಮ್ ತಿಂದೆ, ಬಡ್ಡಿ ಸಮೇತ ವಾಪಸ್ ಕೊಡು’ ಅಂತ ಗೆಳೆಯನಿಗೆ ತಮಾಷೆ ಮಾಡಿದರೆ ಅವನಿಗೆ ತಕ್ಷಣ ಅರ್ಥವಾಗುತ್ತದೆ. ‘ಹೊತ್ತಿಗೆ ಬಡ್ಡಿ ಕೊಡು’ ಅಂದರೆ ಏನಪ್ಪಾ ಅಂತ ಮುಖ ನೋಡುತ್ತಾನೆ.

ಒಂದು ರೂಪಕ ಭಾಷೆಯಲ್ಲಿ ಜೀವಂತ ಇದೆಯೋ ಇಲ್ಲವೋ ತಿಳಿಯೋದು ಹೀಗೆಯೇ. ಯಾರೂ ಹಿಂದೆ ಹೇಳದ ಹೊಸ ಮಾತನ್ನು ಅದೇ ಜಾಡಿನಲ್ಲಿ ಕಟ್ಟಿ ನೋಡಬೇಕು. ವಿವರಿಸದೇ ಅರ್ಥವಾದರೆ ಜಾಡು ಇದೆ ಅಂತ ಲೆಕ್ಕ.

ಇಲ್ಲಿ ಒಂದು ಕಡೆ ಎಡವೋದು ಸುಲಭ. ‘ಟೈಮ್ ಕೊಡು’ ಅಂತೇವೆ, ಹಾಗಾದರೆ ಸಮಯ ದುಡ್ಡು ಅಂತ ತೀರ್ಮಾನಿಸಬಾರದು. ಕೊಡೋದು ದುಡ್ಡನ್ನು ಮಾತ್ರ ಅಲ್ಲವಲ್ಲ. ಮಾತು ಕೊಡುತ್ತೇವೆ, ಮುತ್ತು ಕೊಡುತ್ತೇವೆ, ಕಾಟವನ್ನೂ ಕೊಡುತ್ತೇವೆ. ಉಳಿಸು ಕೂಡ ಹಾಗೆಯೇ. ಅನ್ನ ಉಳಿಸುತ್ತೇವೆ, ಪ್ರಾಣ ಉಳಿಸುತ್ತೇವೆ. ‘ಹೊತ್ತು ಹಾಳು ಮಾಡ್ಬೇಡ’ ಅಂತ ನಿಮ್ಮಜ್ಜಿಯೂ ಅಂದಿರಬಹುದು, ಆದರೆ ಹಾಳಾಗೋದು ಊರು, ಮನೆ, ಹಾಲು ಎಲ್ಲವೂ. ಉಳಿತಾಯ, ಖರ್ಚು, ಬಡ್ಡಿ ಹೀಗೆ ದುಡ್ಡಿನ ಮನೆಯಿಂದಲೇ ಬಂದ ಮಾತುಗಳು ಮಾತ್ರ ಸಾಕ್ಷಿ ಆಗುತ್ತವೆ.

ಹಾಗಾದರೆ ನಿಮ್ಮಜ್ಜಿಯ ಹೊತ್ತು ಏನು? ಹೆಚ್ಚು ಕಡಿಮೆ ಅದು ಸೂರ್ಯನೇ. ಹೊತ್ತು ಹುಟ್ಟುತ್ತದೆ, ಏರುತ್ತದೆ, ಇಳಿಯುತ್ತದೆ, ಮುಳುಗುತ್ತದೆ. ಅದು ತನ್ನ ಪಾಡಿಗೆ ಆಕಾಶದಲ್ಲಿ ನಡೆಯುತ್ತಿರುತ್ತದೆ, ಯಾರ ಜೇಬಿನಲ್ಲೂ ಇರುವುದಿಲ್ಲ. ಊಟವನ್ನೂ ಅದರಲ್ಲೇ ಎಣಿಸುತ್ತೇವೆ: ಎರಡು ಹೊತ್ತು, ಮೂರು ಹೊತ್ತು. ‘ಹೊತ್ತು ಗೊತ್ತಿಲ್ಲದೆ ಬರ್ತಾನೆ’ ಅಂದರೆ ಅವನು ನಮ್ಮ ಸಮಯ ಕದ್ದ ಅಂತಲ್ಲ, ಬರಬಾರದ ವೇಳೆಯಲ್ಲಿ ಬಂದ ಅಂತ. ತಪ್ಪು ಎಷ್ಟು ಹೊತ್ತು ಕೂತ ಅನ್ನೋದರಲ್ಲಿ ಇಲ್ಲ, ಯಾವಾಗ ಬಂದ ಅನ್ನೋದರಲ್ಲಿದೆ.

ಕಾಲ ಇನ್ನೂ ಬೇರೆ. ಅದು ಬರುತ್ತದೆ, ಕೂಡಿ ಬರುತ್ತದೆ, ಕೆಡುತ್ತದೆ. ಮಳೆಗಾಲದ ಹಾಗೆ ಅದು ಬಂದಾಗ ನಾವು ಅದರೊಳಗೆ ಇರುತ್ತೇವೆ.

ಇನ್ನು ಇಂಗ್ಲಿಷಿನ ಮಾತು. ‘ಸಮಯವೇ ಹಣ’ ಅನ್ನೋದನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1748ರಲ್ಲಿ ಒಬ್ಬ ಯುವ ವ್ಯಾಪಾರಿಗೆ ಬುದ್ಧಿ ಹೇಳುತ್ತಾ ಅವನು ಕೊಟ್ಟ ಲೆಕ್ಕ ಹೀಗಿದೆ. ದಿನಕ್ಕೆ 10 ಶಿಲಿಂಗ್ ದುಡಿಯಬಲ್ಲವನು ಅರ್ಧ ದಿನ ಸುಮ್ನೆ ತಿರುಗಾಡಿ 6 ಪೆನ್ಸ್ ಖರ್ಚು ಮಾಡಿದ ಅಂದುಕೊಳ್ಳಿ. ಅವನ ಖರ್ಚು 6 ಪೆನ್ಸ್ ಮಾತ್ರ ಅಲ್ಲ, ದುಡಿಯದೇ ಬಿಟ್ಟ 5 ಶಿಲಿಂಗ್ ಕೂಡ ಅದಕ್ಕೆ ಸೇರಬೇಕು. ಗಮನಿಸಿ, ದಿನಕ್ಕೆ ಇಷ್ಟು ಅಂತ ದರ ಇದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. 1980ರಲ್ಲಿ ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ ಈ ರೂಪಕವನ್ನು ಬಿಡಿಸಿ ತೋರಿಸಿದಾಗ ಹೇಳಿದ್ದೂ ಇದನ್ನೇ. ಗಂಟೆ, ವಾರ, ವರ್ಷದ ಲೆಕ್ಕದಲ್ಲಿ ಸಂಬಳ ಎಣಿಸುವ ಬದುಕಿನಲ್ಲಿ ಇಂಥ ಮಾತು ಬೇರೂರಿತು.

ನಮ್ಮಲ್ಲಿ ಈ ಹೋಲಿಕೆಯೇ ಇರಲಿಲ್ಲ ಅಂತಲ್ಲ. ಕ್ಷಣ ಬಿಟ್ಟರೆ ವಿದ್ಯೆ ಎಲ್ಲಿ, ಕಣ ಬಿಟ್ಟರೆ ಧನ ಎಲ್ಲಿ ಅನ್ನುವ ಸಂಸ್ಕೃತ ಸುಭಾಷಿತವನ್ನು ಮೇಷ್ಟ್ರು ಬಾಯಿಪಾಠ ಮಾಡಿಸುತ್ತಿದ್ದರು. ಆದರೆ ಅಲ್ಲಿ ಕ್ಷಣ ಮತ್ತು ಕಣ ಅಕ್ಕಪಕ್ಕ ಕೂತಿವೆ, ಒಂದೇ ಆಗಿಲ್ಲ. ಕೃಷಿಯಲ್ಲಿ ಮುಯ್ಯಾಳು ಪದ್ಧತಿಯೂ ಇತ್ತು. ನಾಟಿಗೆ ಇವತ್ತು ನಾವು ನಿಮ್ಮ ಗದ್ದೆಗೆ ಬಂದರೆ, ನಾಳೆ ನೀವು ನಮ್ಮ ಗದ್ದೆಗೆ ಬಂದು ಮುಯ್ಯಿ ತೀರಿಸಬೇಕು. ಇದು ಸಾಲವೇ. ಆದರೆ ಎಣಿಸುತ್ತಿದ್ದದ್ದು ಆಳನ್ನು. ನಮ್ಮ ಮನೆಯಿಂದ ಇಬ್ಬರು ಬಂದಿದ್ದರು, ನಿಮ್ಮ ಮನೆಯಿಂದಲೂ ಇಬ್ಬರು ಬರಬೇಕು, ಅಷ್ಟೆ.

ಯೋಚನೆ ಬದಲಾಗುತ್ತದಾ? ಮಾತಿನಿಂದಲೇ ಎಲ್ಲ ಬದಲಾಗುತ್ತದೆ ಅಂತ ನಾನು ಹೇಳಲಾರೆ. ಸಂಬಳ, ಬಸ್ಸು, ಪರೀಕ್ಷೆಯ ಗಡಿಯಾರ ಇವುಗಳ ಕೈವಾಡ ಜಾಸ್ತಿ. ಆದರೆ ಒಂದು ಕಡೆ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ‘ಭಾನುವಾರ ಅಜ್ಜಿ ಜೊತೆ ಟೈಮ್ ಸ್ಪೆಂಡ್ ಮಾಡಿದೆ’ ಅಂತ ನಿಮ್ಮ ಮಗ ಪ್ರೀತಿಯಿಂದಲೇ ಹೇಳಬಹುದು. ಅದನ್ನೇ ‘ಅಜ್ಜಿ ಜೊತೆ ಸಮಯ ಖರ್ಚು ಮಾಡಿದೆ’ ಅಂತ ಕನ್ನಡಕ್ಕೆ ತಿರುಗಿಸಿ ನೋಡಿ. ಅಜ್ಜಿಗೆ ಬೇಜಾರಾಗುತ್ತದೆ. ಇಂಗ್ಲಿಷಿನ ಸ್ಪೆಂಡ್ ಸವೆದು ಸವೆದು ದುಡ್ಡಿನ ವಾಸನೆ ಕಳೆದುಕೊಂಡಿದೆ. ನಮ್ಮ ಖರ್ಚು ಇನ್ನೂ ಜೇಬನ್ನೇ ಮುಟ್ಟುತ್ತದೆ. ನಮ್ಮ ಮಾತು ‘ಅಜ್ಜಿ ಜೊತೆ ಕೂತಿದ್ದೆ’ ಅಂತ, ತುಂಬ ಆದರೆ ‘ಕಾಲ ಕಳೆದೆ’ ಅಂತ.

ಉಳಿಸಿದ ಸಮಯವನ್ನು ದುಡ್ಡಿನ ಹಾಗೆ ಕೂಡಿಡಲಾಗದು ಅನ್ನೋದನ್ನು ಈ ರೂಪಕ ಮರೆಮಾಡುತ್ತದೆ. ಮಿಕ್ಸಿಯಿಂದ ರುಬ್ಬುವ ಅರ್ಧ ಗಂಟೆ ಉಳಿಯಿತು ಅಂತೇವೆ. ಉಳಿದ ದುಡ್ಡನ್ನು ಪಾಸ್‌ಬುಕ್ಕಿನಲ್ಲಿ ತೋರಿಸಬಹುದು. ಆ ಅರ್ಧ ಗಂಟೆ ಎಲ್ಲಿದೆ? ನಮ್ಮ ಮನೆಯಲ್ಲಿ ಅದು ಇನ್ನೊಂದು ಬಗೆ ಪಲ್ಯಕ್ಕೆ ಹೋಯಿತು.

ಹಾಗಂತ ನಿಮ್ಮ ಮಗನ ಟೈಮ್ ಪೂರ್ತಿ ಇಂಗ್ಲಿಷಿನದು ಅಂದುಕೊಳ್ಳಬೇಡಿ. ಮಾರ್ಕ್ಸ್ ಕಡಿಮೆ ಬಂದ ದಿನ ಕಿವಿಗೊಟ್ಟು ಕೇಳಿ. ‘ಯಾಕೋ ನನ್ನ ಟೈಮೇ ಸರಿ ಇಲ್ಲ’ ಅಂತಾನೆ. ಅದು ಖರ್ಚಾಗುವ ಟೈಮ್ ಅಲ್ಲ, ಗ್ರಹಚಾರದ ಟೈಮ್. ನಿಮ್ಮಜ್ಜಿ ಅದನ್ನೇ ‘ಕಾಲ ಸರಿ ಇಲ್ಲ’ ಅನ್ನುತ್ತಿದ್ದರು.